ಕೇಸ್ ಫೈಲಿನಿಂದ ಆಡಿಟ್ ಟೇಬಲ್‌ವರೆಗೆ: ಆಪರೇಷನ್‌ಗೆ ಮುಂಚಿನ ಒಂದು ಆಂಟಿಬಯಾಟಿಕ್ ಡೋಸ್‌ನ ಲೆಕ್ಕ

"ಇದರ ಮೇಲೆ ಒಂದು ಆಡಿಟ್ ಮಾಡಿ ಕೊಡಿ." ಆಸ್ಪತ್ರೆಯಲ್ಲಿ ಕೆಲಸ ಮಾಡುವ ನರ್ಸ್‌ಗಳಿಗೆ, ಕಲಿಯುತ್ತಿರುವ ಡಾಕ್ಟರ್‌ಗಳಿಗೆ ಒಂದಲ್ಲ ಒಂದು ದಿನ ಈ ಮಾತು ಬಂದೇ ಬರುತ್ತದೆ. ಹೇಳುವವರು ಒಂದೇ ವಾಕ್ಯದಲ್ಲಿ ಹೇಳಿ ಹೋಗುತ್ತಾರೆ. ಆಮೇಲೆ ಮೇಜಿನ ಮೇಲೆ ದಪ್ಪ ದಪ್ಪ ಫೈಲ್‌ಗಳು ಬಂದು ಕೂರುತ್ತವೆ, ಪಕ್ಕದಲ್ಲಿ ಒಂದು ಖಾಲಿ ಎಕ್ಸೆಲ್ ಶೀಟ್. ಫೈಲಿನಲ್ಲಿರುವ ಅಕ್ಷರಗಳು ಕೊನೆಗೆ ಟೇಬಲ್ಲಿನ "ಶೇಕಡಾ 66" ಆಗುವುದು ಹೇಗೆ ಅನ್ನೋದನ್ನು ಯಾರೂ ಸರಿಯಾಗಿ ಕೂರಿಸಿಕೊಂಡು ಹೇಳಿರುವುದಿಲ್ಲ. ಆ ಮಧ್ಯದ ದಾರಿಯನ್ನೇ ಇಲ್ಲಿ ನಡೆದು ನೋಡೋಣ. ಅದಕ್ಕೆ ಒಂದೇ ಒಂದು ವಿಷಯ ಹಿಡಿದುಕೊಳ್ಳುತ್ತೇನೆ: ಆಪರೇಷನ್ ಶುರುವಾಗುವ ಮುಂಚೆ ಸೋಂಕು ಬರದಿರಲಿ ಅಂತ ಕೊಡುವ ಆಂಟಿಬಯಾಟಿಕ್ ಡೋಸ್.

## ಕ್ಲಿನಿಕಲ್ ಆಡಿಟ್ ಅಂದರೆ ಏನು, ಏನಲ್ಲ

ಹೀಗೆ ಮಾಡಬೇಕು ಅಂತ ಮೊದಲೇ ಒಪ್ಪಿಕೊಂಡ ಒಂದು ಪದ್ಧತಿ ಇರುತ್ತದೆ. ನಾವು ನಿಜವಾಗಿ ಹಾಗೆ ಮಾಡುತ್ತಿದ್ದೇವಾ ಅಂತ ನಮ್ಮದೇ ದಾಖಲೆಗಳಲ್ಲಿ ನೋಡುವುದು ಆಡಿಟ್. ಯಾವ ಔಷಧಿ ಒಳ್ಳೆಯದು ಅಂತ ಹುಡುಕುವುದು ಸಂಶೋಧನೆಯ ಕೆಲಸ, ಆಡಿಟ್‌ನದಲ್ಲ. ಆಡಿಟ್‌ನಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ. ನಾವು ಅದರಿಂದ ಎಷ್ಟು ದೂರ ಇದ್ದೇವೆ ಅನ್ನೋದಷ್ಟೇ ಪ್ರಶ್ನೆ.

ಇಲ್ಲಿ ಮೂರು ಪದಗಳು ಮತ್ತೆ ಮತ್ತೆ ಬರುತ್ತವೆ. ಬಸ್ಸಿನ ಉದಾಹರಣೆ ತೆಗೆದುಕೊಂಡರೆ ಸುಲಭ. "ಬಸ್ಸು ಹೇಳಿದ ಹೊತ್ತಿನಿಂದ 5 ನಿಮಿಷದೊಳಗೆ ಹೊರಡಬೇಕು" ಅನ್ನೋದು ಮಾನದಂಡ. "100 ಬಸ್ಸಿನಲ್ಲಿ 95 ಆದರೂ ಹಾಗೆ ಹೊರಡಬೇಕು" ಅನ್ನೋದು ಗುರಿ. "ನೀರು ನುಗ್ಗಿ ರಸ್ತೆ ಮುಚ್ಚಿದ ದಿನದ ಬಸ್ಸು ಲೆಕ್ಕಕ್ಕಿಲ್ಲ" ಅನ್ನೋದು ವಿನಾಯಿತಿ. ಈ ಮೂರೂ ಫೈಲ್ ತೆರೆಯುವ ಮುಂಚೆಯೇ ಬರಹದಲ್ಲಿ ಇರಬೇಕು. ಫೈಲ್ ನೋಡಿದ ಮೇಲೆ ವಿನಾಯಿತಿ ಬರೆಯಲು ಕೂತರೆ, ತಪ್ಪಾದ ಪ್ರತಿ ಕೇಸಿಗೂ ಒಂದೊಂದು ಕಾರಣ ಹೊಳೆಯುತ್ತಾ ಹೋಗುತ್ತದೆ.

## ಈ ಡೋಸ್‌ನಲ್ಲಿ ಹೊತ್ತು ಯಾಕೆ ಮುಖ್ಯ

ಚರ್ಮ ಕೊಯ್ಯುವ ಕ್ಷಣದಲ್ಲಿ ಔಷಧಿ ರಕ್ತದಲ್ಲಿ, ಆ ಜಾಗದ ಮಾಂಸದಲ್ಲಿ ಸಾಕಷ್ಟು ಇರಬೇಕು. ತುಂಬಾ ಮುಂಚೆ ಕೊಟ್ಟರೆ ಅಷ್ಟು ಹೊತ್ತಿಗೆ ದೇಹ ಅದನ್ನು ಹೊರಹಾಕಲು ಶುರುಮಾಡಿರುತ್ತದೆ. ಕೊಯ್ದ ಮೇಲೆ ಕೊಟ್ಟರೆ ರೋಗಾಣು ಮೊದಲು ಒಳಗೆ ಹೋಗಿ ಔಷಧಿ ಆಮೇಲೆ ಬಂದ ಹಾಗಾಗುತ್ತದೆ.

1992ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಒಂದು ಆಸ್ಪತ್ರೆಯಿಂದ ಬಂದ ಅಧ್ಯಯನ ಇದನ್ನು ಸ್ಪಷ್ಟವಾಗಿ ತೋರಿಸಿತ್ತು. ಅದರಲ್ಲಿ 2847 ರೋಗಿಗಳಿದ್ದರು. ಕೊಯ್ಯುವ ಮುಂಚಿನ 2 ಗಂಟೆಯೊಳಗೆ ಡೋಸ್ ಸಿಕ್ಕವರಲ್ಲಿ ಗಾಯದ ಸೋಂಕು ಬಂದದ್ದು ಶೇಕಡಾ 0.6 ಜನರಿಗೆ. ಅದಕ್ಕಿಂತ ಮುಂಚೆಯೇ ಸಿಕ್ಕವರಲ್ಲಿ ಅದು ಶೇಕಡಾ 3.8. ಕೊಯ್ದು 3 ಗಂಟೆಗೂ ಜಾಸ್ತಿ ಆದ ಮೇಲೆ ಸಿಕ್ಕವರಲ್ಲಿ ಶೇಕಡಾ 3.3. ಔಷಧಿ ಕೊಟ್ಟಿದ್ದಾರಾ ಅಂತ ಮಾತ್ರ ಕೇಳಿದರೆ ಈ ಮೂರೂ ಗುಂಪಿಗೆ ಒಂದೇ ಉತ್ತರ ಬರುತ್ತದೆ: "ಹೌದು". ಅದಕ್ಕೇ ನಮ್ಮ ಶೀಟ್‌ನಲ್ಲಿ "ಹೌದು, ಇಲ್ಲ" ಸಾಲದು, ಗಡಿಯಾರದ ಹೊತ್ತು ಬೇಕು.

## ಯಾವ ಮಾನದಂಡ? ಒಂದನ್ನೇ ಹಿಡಿಯಿರಿ

ಗೊಂದಲ ಶುರುವಾಗುವುದು ಇಲ್ಲೇ. ಅಮೆರಿಕದ ನಾಲ್ಕು ವೃತ್ತಿ ಸಂಘಗಳು ಸೇರಿ 2013ರಲ್ಲಿ ಕೊಟ್ಟ ಮಾರ್ಗಸೂಚಿ, ಕೊಯ್ಯುವ ಮುಂಚಿನ 60 ನಿಮಿಷದೊಳಗೆ ಡೋಸ್ ಶುರುವಾಗಬೇಕು ಅನ್ನುತ್ತದೆ. ವ್ಯಾಂಕೊಮೈಸಿನ್ ಮತ್ತು ಫ್ಲೋರೋಕ್ವಿನೊಲೋನ್ ಗುಂಪಿನ ಔಷಧಿಗಳನ್ನು ನಿಧಾನವಾಗಿ ಹರಿಸಬೇಕಾದ್ದರಿಂದ ಅವಕ್ಕೆ 120 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆಯ 2016ರ ಮಾರ್ಗಸೂಚಿ 120 ನಿಮಿಷದೊಳಗೆ ಅನ್ನುತ್ತದೆ, ಜೊತೆಗೆ ಆ ಔಷಧಿ ದೇಹದಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನೋದನ್ನೂ ನೋಡಿಕೊಳ್ಳಿ ಅನ್ನುತ್ತದೆ. ಎರಡೂ ಗೌರವದ ಮಾರ್ಗಸೂಚಿಗಳೇ. ಆದರೆ ಒಂದು ಆಡಿಟ್‌ಗೆ ಒಂದೇ ಗೆರೆ ಇರಬೇಕು. ಅದರ ಹೆಸರು, ವರ್ಷ ಟೇಬಲ್ಲಿನ ಜೊತೆಗೇ ಕಾಣಬೇಕು.

ಇಲ್ಲಿ 2013ರದ್ದನ್ನು ತೆಗೆದುಕೊಳ್ಳೋಣ. ಅದರಿಂದ ಮೂರು ಪ್ರಶ್ನೆ ಆರಿಸುತ್ತೇನೆ. ಮೊದಲ ಡೋಸ್ ಕೊಯ್ಯುವ ಮುಂಚಿನ 60 ನಿಮಿಷದೊಳಗೆ (ವ್ಯಾಂಕೊಮೈಸಿನ್ ಆದರೆ 120) ಶುರುವಾಯಿತಾ? ಆಪರೇಷನ್ ಮುಗಿದ 24 ಗಂಟೆಯೊಳಗೆ ಆಂಟಿಬಯಾಟಿಕ್ ನಿಂತಿತಾ? ಸೆಫಜೋಲಿನ್ ಕೊಟ್ಟವರಲ್ಲಿ ಆಪರೇಷನ್ ಉದ್ದವಾಗಿ ಮೊದಲ ಡೋಸ್‌ನಿಂದ 4 ಗಂಟೆ ದಾಟಿದ್ದರೆ, ಓಟಿಯಲ್ಲೇ ಇನ್ನೊಂದು ಡೋಸ್ ಸಿಕ್ಕಿತಾ? ಗುರಿ ಮೂರಕ್ಕೂ ಶೇಕಡಾ 95 ಅಂತ ಇಟ್ಟುಕೊಳ್ಳೋಣ. ಈ 95 ಮಾರ್ಗಸೂಚಿಯಿಂದ ಬಂದದ್ದಲ್ಲ, ವಿಭಾಗದವರು ಕೂತು ಒಪ್ಪಿಕೊಳ್ಳುವ ಸಂಖ್ಯೆ. ಅದನ್ನೂ ಟೇಬಲ್ಲಿನ ಕೆಳಗೆ ಹಾಗೇ ಬರೆಯಬೇಕು.

## ಫೈಲ್‌ಗಳನ್ನು ಎಲ್ಲಿಂದ ಎತ್ತಬೇಕು

ರೆಕಾರ್ಡ್ ರೂಮಿಗೆ ಹೋಗಿ ಕೈಗೆ ಸಿಕ್ಕ ಫೈಲ್ ತರುವುದು ಬೇಡ. ಅಲ್ಲಿ ಸುಲಭವಾಗಿ ಸಿಗುವುದು ಅಚ್ಚುಕಟ್ಟಾಗಿ ಮುಗಿದ ಕೇಸುಗಳ ಫೈಲ್. ತೊಂದರೆಯಾದ ರೋಗಿಯ ಫೈಲ್ ಯಾರದೋ ಮೇಜಿನ ಮೇಲೆ ಇರುತ್ತದೆ, ಇಲ್ಲವೇ ರೋಗಿ ಮತ್ತೆ ದಾಖಲಾಗಿರುವುದರಿಂದ ವಾರ್ಡಿನಲ್ಲಿರುತ್ತದೆ. ಹಾಗಾಗಿ ಮೊದಲು ಓಟಿ ರಿಜಿಸ್ಟರ್ ತೆಗೆದು, ಒಂದು ತಾರೀಕಿನಿಂದ ಸಾಲಾಗಿ 40 ಆಪರೇಷನ್ ಬರೆದುಕೊಳ್ಳಬೇಕು. ಆಮೇಲೆ ಅದೇ 40 ಫೈಲ್ ಕೇಳಬೇಕು. ಸಿಗದಿದ್ದ ಫೈಲಿನ ಬದಲು ಪಕ್ಕದ್ದನ್ನು ಸೇರಿಸುವ ಹಾಗಿಲ್ಲ. ಸಿಗಲಿಲ್ಲ ಅನ್ನೋದೂ ಒಂದು ಸಂಖ್ಯೆಯೇ.

ಇಲ್ಲಿಂದ ಮುಂದೆ ಬರುವ ಅಂಕಿಗಳು ವಿವರಿಸುವುದಕ್ಕಾಗಿ ಕಟ್ಟಿಕೊಂಡ ಮಾದರಿ ಲೆಕ್ಕ, ಯಾವುದೇ ಆಸ್ಪತ್ರೆಯದಲ್ಲ. ನಮ್ಮ 40ರಲ್ಲಿ 2 ಫೈಲ್ ಸಿಗಲಿಲ್ಲ ಅಂದುಕೊಳ್ಳೋಣ. ಉಳಿದದ್ದು 38.

ಶೀಟ್‌ನಲ್ಲಿ ರೋಗಿಯ ಹೆಸರು, ಆಸ್ಪತ್ರೆ ನಂಬರ್ ಬರೆಯಬೇಡಿ. 1ರಿಂದ 38ರವರೆಗೆ ಕ್ರಮಸಂಖ್ಯೆ ಸಾಕು. ಯಾವ ಸಂಖ್ಯೆ ಯಾವ ರೋಗಿ ಅನ್ನುವ ಪಟ್ಟಿ ಬೇರೆ ಕಡೆ ಬೀಗ ಹಾಕಿದ ಜಾಗದಲ್ಲಿರಲಿ. ಮತ್ತೆ ಫೈಲ್ ನೋಡಬೇಕಾಗಿ ಬರುತ್ತದೆ, ಅದಕ್ಕೆ ಆ ಪಟ್ಟಿ ಬೇಕು.

## ಮೊದಲ ಪದರ: ಫೈಲ್ ಹೇಳಿದ್ದನ್ನು ಹೇಳಿದ ಹಾಗೇ ಬರೆಯುವುದು

ಟೇಬಲ್ ಕಟ್ಟುವ ಕೆಲಸದಲ್ಲಿ ಮೂರು ಪದರಗಳಿವೆ. ಮೊದಲನೆಯದು ಫೈಲಿನಲ್ಲಿ ಇರುವ ಮಾತು. ಎರಡನೆಯದು ಅದರ ಮೇಲೆ ನಾವು ಕೊಡುವ ತೀರ್ಪು. ಮೂರನೆಯದು ತೀರ್ಪುಗಳ ಎಣಿಕೆ. ಇವು ಒಂದರೊಳಗೊಂದು ಕಲೆಸಿಹೋದಾಗಲೇ ಜಾಸ್ತಿ ಎಡವಟ್ಟು ಆಗುವುದು. ಫೈಲ್ ತೆರೆದವರು ಮನಸ್ಸಿನಲ್ಲೇ ಲೆಕ್ಕ ಹಾಕಿ, "60 ನಿಮಿಷದೊಳಗೆ: ಹೌದು" ಅಂತ ಬರೆದುಬಿಡುತ್ತಾರೆ. ನಾಳೆ ಯಾರಾದರೂ "ಹೇಗೆ ಹೌದು?" ಅಂದರೆ ತೋರಿಸಲು ಏನೂ ಇರುವುದಿಲ್ಲ. ಮಾನದಂಡ 120ಕ್ಕೆ ಬದಲಾದರೆ ಎಲ್ಲಾ ಫೈಲ್ ಮತ್ತೆ ತೆರೆಯಬೇಕಾಗುತ್ತದೆ.

ಅದಕ್ಕೆ ಮೊದಲ ಪದರದಲ್ಲಿ ತೀರ್ಪು ಇರಲೇಬಾರದು. ಔಷಧಿಯ ಹೆಸರು, ಕೊಟ್ಟಿದ್ದಾರಾ ಇಲ್ಲವಾ, ಶುರುಮಾಡಿದ ತಾರೀಕು ಮತ್ತು ಹೊತ್ತು, ಕೊಯ್ದ ತಾರೀಕು ಮತ್ತು ಹೊತ್ತು, ಆಪರೇಷನ್ ಮುಗಿದ ಹೊತ್ತು, ಕೊನೆಯ ಡೋಸ್‌ನ ಹೊತ್ತು. ಇಷ್ಟು, ಜೊತೆಗೆ ಈ ಹೊತ್ತು ಯಾವ ಕಾಗದದಿಂದ ಸಿಕ್ಕಿತು ಅನ್ನೋದಕ್ಕೆ ಒಂದು ಕಾಲಂ.

ಆ ಕೊನೆಯ ಕಾಲಂ ಯಾಕೆ ಅಂತ 17ನೇ ಫೈಲ್ ನೋಡಿದರೆ ತಿಳಿಯುತ್ತದೆ. ವಾರ್ಡಿನ ಡ್ರಗ್ ಚಾರ್ಟ್‌ನಲ್ಲಿ "ಸೆಫಜೋಲಿನ್ 2 ಗ್ರಾಂ, 8:40" ಅಂತ ಇದೆ, ಪಕ್ಕದಲ್ಲಿ ಸಹಿ. ಅನಸ್ತೇಷಿಯಾ ಚಾರ್ಟ್‌ನಲ್ಲಿ ಅದೇ ಔಷಧಿಗೆ 9:05ರ ಗೆರೆಯ ಮೇಲೆ ಬಾಣದ ಗುರುತು ಹಾಕಿದ್ದಾರೆ. ಕೊಯ್ದದ್ದು 9:50ಕ್ಕೆ. ಡ್ರಗ್ ಚಾರ್ಟ್ ನಂಬಿದರೆ 70 ನಿಮಿಷ, ಮಾನದಂಡ ತಪ್ಪಿತು. ಅನಸ್ತೇಷಿಯಾ ಚಾರ್ಟ್ ನಂಬಿದರೆ 45 ನಿಮಿಷ, ಸರಿಯಾಯಿತು. ರೋಗಿ ಒಬ್ಬರೇ, ಡೋಸ್ ಒಂದೇ, ತೀರ್ಪು ಎರಡು! ವಾರ್ಡಿನಲ್ಲಿ ಔಷಧಿಯನ್ನು ರೋಗಿಯ ಜೊತೆ ಓಟಿಗೆ ಕಳಿಸಿದ ಹೊತ್ತನ್ನೇ ಕೊಟ್ಟ ಹೊತ್ತು ಅಂತ ಬರೆದಿರುವ ಸಾಧ್ಯತೆ ಇದೆ. ಆದರೆ ಫೈಲಿನ ಮುಂದೆ ಕೂತು ಊಹೆ ಮಾಡುವುದು ನಮ್ಮ ಕೆಲಸವಲ್ಲ.

ಇದಕ್ಕೆ ಪರಿಹಾರ ಸರಳ. ಯಾವ ಕಾಗದಕ್ಕೆ ಮೊದಲ ಮಾತು ಅಂತ ಶುರುವಿನಲ್ಲೇ ಬರೆದಿಡಬೇಕು. ನನ್ನ ಪ್ರಕಾರ ಅನಸ್ತೇಷಿಯಾ ಚಾರ್ಟ್ ಮೊದಲು, ಅಲ್ಲಿ ಇಲ್ಲದಿದ್ದರೆ ಓಟಿ ನರ್ಸ್ ನೋಟ್ಸ್, ಅಲ್ಲೂ ಇಲ್ಲದಿದ್ದರೆ ಡ್ರಗ್ ಚಾರ್ಟ್. ಬರೆದವರು ಔಷಧಿ ಒಳಗೆ ಹೋಗುವಾಗ ಪಕ್ಕದಲ್ಲೇ ಇದ್ದರು ಅನ್ನೋದೇ ಈ ಕ್ರಮಕ್ಕೆ ಕಾರಣ. ಆ ನಿಯಮ ಎಲ್ಲಾ 38 ಫೈಲಿಗೂ ಒಂದೇ. ನಮಗೆ ಬೇಕಾದ ಉತ್ತರ ಬರುವ ಕಾಗದವನ್ನು ಕೇಸಿಗೊಂದರಂತೆ ಆರಿಸುವ ಹಾಗಿಲ್ಲ. ಈ ನಿಯಮದ ಪ್ರಕಾರ 17ನೇ ಕೇಸ್ 45 ನಿಮಿಷ.

ಕೊಯ್ದ ಹೊತ್ತಿನ ವಿಷಯದಲ್ಲೂ ಹುಷಾರಾಗಿರಬೇಕು. ರೋಗಿ ಓಟಿಯೊಳಗೆ ಬಂದ ಹೊತ್ತು, ಅನಸ್ತೇಷಿಯಾ ಶುರುವಾದ ಹೊತ್ತು, ಚರ್ಮ ಕೊಯ್ದ ಹೊತ್ತು, ಈ ಮೂರೂ ಬೇರೆ ಬೇರೆ. ಓಟಿ ರಿಜಿಸ್ಟರ್‌ನಲ್ಲಿ "ಶುರುವಾದ ಸಮಯ" ಅಂತ ಮಾತ್ರ ಇದ್ದರೆ ಅದು ಯಾವುದು ಅಂತ ಅಲ್ಲಿನವರನ್ನೇ ಕೇಳಿ ತಿಳಿದುಕೊಳ್ಳಬೇಕು. ಇವುಗಳ ನಡುವೆ ಅರ್ಧ ಗಂಟೆ ಹೋಗುವುದು ದೊಡ್ಡ ಮಾತಲ್ಲ, ಮತ್ತು ನಮ್ಮ ಇಡೀ ಗೆರೆ ಇರುವುದೇ 60 ನಿಮಿಷಕ್ಕೆ.

ಇನ್ನೊಂದು ಗಮನಿಸಿ. ಸಾಲಾಗಿ ಹತ್ತು ಕೇಸಿನಲ್ಲಿ ಡೋಸ್ ಸರಿಯಾಗಿ 30 ನಿಮಿಷ ಮುಂಚೆ ಅಂತ ಬಂದರೆ, ಅಲ್ಲಿ ಗಡಿಯಾರ ನೋಡಿ ಬರೆದಿಲ್ಲ, ಆಮೇಲೆ ಕೂತು ತುಂಬಿದ್ದಾರೆ ಅಂತ ಅನುಮಾನ ಪಡಬೇಕು. ನಿಜವಾದ ಹೊತ್ತುಗಳು ಚೆದುರಿರುತ್ತವೆ. ಇದನ್ನು ಶೀಟ್‌ನಲ್ಲಿ ತಿದ್ದಲು ಬರುವುದಿಲ್ಲ, ಆದರೆ ವರದಿಯಲ್ಲಿ ಒಂದು ಸಾಲು ಬರೆಯಲೇಬೇಕು.

## ಎರಡನೇ ಪದರ: ತೀರ್ಪು

ಈಗ ಹೊತ್ತುಗಳಿಂದ ತೀರ್ಪು. ತಾರೀಕು ಬಿಟ್ಟು ಹೊತ್ತನ್ನು ಮಾತ್ರ ಬರೆದರೆ 31ನೇ ಕೇಸಿನಲ್ಲಿ ಎಡವುತ್ತೀರಿ. ಅಲ್ಲಿ ಡೋಸ್ 23:50ಕ್ಕೆ, ಕೊಯ್ದದ್ದು 00:20ಕ್ಕೆ. ನಮಗೆ ನೋಡಿದ ಕೂಡಲೇ 30 ನಿಮಿಷ ಅಂತ ಗೊತ್ತಾಗುತ್ತದೆ. ಎಕ್ಸೆಲ್ ಮಾತ್ರ ಮೈನಸ್ 1410 ಅನ್ನುತ್ತದೆ, ಕೊಯ್ದ ಮೇಲೆ ಕೊಟ್ಟ ಕೇಸ್ ಅಂತ ಅದನ್ನು ತಪ್ಪಿನ ಸಾಲಿಗೆ ಹಾಕುತ್ತದೆ. ಅದಕ್ಕೇ ಒಂದೇ ಕೋಶದಲ್ಲಿ ತಾರೀಕು ಮತ್ತು ಹೊತ್ತು ಎರಡೂ ಇರಲಿ.

B ಕಾಲಂನಲ್ಲಿ ವಿನಾಯಿತಿ ಇದ್ದರೆ X, C ಕಾಲಂನಲ್ಲಿ ಡೋಸ್ ಕೊಟ್ಟಿದ್ದರೆ Y ಇಲ್ಲದಿದ್ದರೆ N, D ಕಾಲಂನಲ್ಲಿ ಡೋಸ್‌ನ ಹೊತ್ತು, E ಕಾಲಂನಲ್ಲಿ ಕೊಯ್ದ ಹೊತ್ತು ಅಂದುಕೊಳ್ಳಿ. F ಕಾಲಂನಲ್ಲಿ ನಡುವಿನ ನಿಮಿಷ ಹೀಗೆ ಬರುತ್ತದೆ:

```
=IF(OR(D2="",E2=""),"",ROUND((E2-D2)*1440,0))
```

ಒಂದು ದಿನಕ್ಕೆ 1440 ನಿಮಿಷ, ಅದಕ್ಕೆ ಆ ಗುಣಾಕಾರ. `ROUND` ಸುಮ್ನೆ ಹಾಕಿದ್ದಲ್ಲ. ಎಕ್ಸೆಲ್ ಹೊತ್ತನ್ನು ದಿನದ ದಶಮಾಂಶ ಭಾಗವಾಗಿ ಇಟ್ಟುಕೊಳ್ಳುತ್ತದೆ. ಹಾಗಾಗಿ ಸರಿಯಾಗಿ 60 ನಿಮಿಷ ಇದ್ದ ಕೇಸ್ ಒಳಗೆಲ್ಲೋ 60.0000001 ಆಗಿ ಕೂತು, ಯಾರ ಕಣ್ಣಿಗೂ ಕಾಣದೆ ಗೆರೆಯ ಆಚೆ ಬೀಳಬಹುದು. ಮೊದಲಿನ `IF` ಭಾಗ ಖಾಲಿ ಕೋಶಕ್ಕಾಗಿ. ಅದಿಲ್ಲದಿದ್ದರೆ ಎಕ್ಸೆಲ್ ಖಾಲಿ ಹೊತ್ತನ್ನು ಸೊನ್ನೆ ಅಂದುಕೊಂಡು ಕೋಟಿಗಟ್ಟಲೆ ನಿಮಿಷ ತೋರಿಸುತ್ತದೆ, ಆ ಕೇಸ್ "ತುಂಬಾ ಮುಂಚೆ ಕೊಟ್ಟದ್ದು" ಅನ್ನುವ ಸಾಲಿಗೆ ಸೇರಿಹೋಗುತ್ತದೆ.

G ಕಾಲಂನಲ್ಲಿ ಆ ಔಷಧಿಗೆ ಅನ್ವಯಿಸುವ ಗೆರೆ, 60 ಅಥವಾ 120. ಇನ್ನು H ಕಾಲಂನಲ್ಲಿ ತೀರ್ಪು:

```
=IF(B2="X","NA",IF(C2="N","N",
 IF(F2="","NR",IF(AND(F2>0,F2<=G2),"Y","N"))))
```

ನಾಲ್ಕೇ ಉತ್ತರ ಬರಬಹುದು. `Y` ಅಂದರೆ ಮಾನದಂಡ ಪಾಲನೆ ಆಗಿದೆ. `N` ಅಂದರೆ ಆಗಿಲ್ಲ. `NR` ಅಂದರೆ ದಾಖಲೆ ಇಲ್ಲ, ಆಗಿದೆಯೋ ಇಲ್ಲವೋ ಹೇಳಲು ಬರುವುದಿಲ್ಲ. `NA` ಅಂದರೆ ಈ ಪ್ರಶ್ನೆ ಈ ರೋಗಿಗೆ ಅನ್ವಯಿಸುವುದೇ ಇಲ್ಲ. ಡೋಸ್ ಕೊಡಲೇ ಇಲ್ಲ ಅನ್ನೋದಕ್ಕೂ, ಕೊಟ್ಟಿದ್ದಾರೆ ಆದರೆ ಹೊತ್ತು ಬರೆದಿಲ್ಲ ಅನ್ನೋದಕ್ಕೂ ಶೀಟ್‌ನಲ್ಲಿ ಒಂದೇ ಖಾಲಿ ಕೋಶ ಕಾಣುತ್ತದೆ. C ಕಾಲಂ ಬೇರೆ ಇಟ್ಟದ್ದು ಇದಕ್ಕೇ. ಇವೆರಡನ್ನೂ ಒಂದೇ ಮಾಡಿದರೆ ಓಟಿಯ ಸಮಸ್ಯೆ ಬರವಣಿಗೆಯ ಸಮಸ್ಯೆಯಾಗಿ ಕಾಣುತ್ತದೆ, ಅಥವಾ ಅದರ ತಿರುಗುಮುರುಗು.

ನಮ್ಮ ವಿನಾಯಿತಿ ಒಂದೇ: ಬೇರೆ ಸೋಂಕಿಗೆ ಮೊದಲಿಂದಲೇ ಆಂಟಿಬಯಾಟಿಕ್ ಚಿಕಿತ್ಸೆಯಲ್ಲಿದ್ದ ರೋಗಿ. ಅವಸರದ ಆಪರೇಷನ್ ಅನ್ನೋದು ವಿನಾಯಿತಿ ಅಲ್ಲ, ಯಾಕಂದರೆ ಅವಸರದಲ್ಲೂ ಆ ಡೋಸ್ ಬೇಕೇ ಬೇಕು.

ಹೀಗೆ ತುಂಬಿದ ಮೇಲೆ ನಾಲ್ಕು ಫೈಲ್ ಎತ್ತಿ ಇನ್ನೊಬ್ಬರ ಕೈಗೆ ಕೊಡಿ. ನಿಮ್ಮ ಶೀಟ್ ನೋಡದೆ ಅವರು ಬೇರೆಯಾಗಿ ತುಂಬಲಿ. ಇಬ್ಬರದ್ದೂ ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಜಾಸ್ತಿ ಸಲ ನಿಯಮವೇ ಸರಿಯಾಗಿ ಬರೆದಿರುವುದಿಲ್ಲ. ನಿಯಮ ತಿದ್ದಿ, ಎಲ್ಲಾ 38ಕ್ಕೂ ಮತ್ತೆ ಅನ್ವಯಿಸಿ.

## ಮೂರನೇ ಪದರ: ಎಷ್ಟರಲ್ಲಿ ಎಷ್ಟು

ಮೊದಲ ಪ್ರಶ್ನೆಗೆ 38 ಕೇಸಿನಲ್ಲಿ 3 `NA` ಬಂತು ಅಂದುಕೊಳ್ಳೋಣ. ಉಳಿದ 35ರಲ್ಲಿ `Y` 23, `N` 8, `NR` 4. ಎಣಿಸಲು ಇಷ್ಟು ಸಾಕು:

```
=COUNTIF(H2:H39,"Y")
```

ಈಗ ಶೇಕಡಾ ಎಷ್ಟು? ಇದೊಂದು ಪ್ರಶ್ನೆಗೆ ಮೂರು ಉತ್ತರ ಬರೆದವರನ್ನು ನೋಡಬಹುದು. ಸಿಕ್ಕ ಎಲ್ಲಾ ಫೈಲ್‌ಗಳಿಂದ ಭಾಗಿಸಿದರೆ 38ಕ್ಕೆ 23, ಅಂದರೆ ಶೇಕಡಾ 61. ವಿನಾಯಿತಿ ತೆಗೆದು ಭಾಗಿಸಿದರೆ 35ಕ್ಕೆ 23, ಶೇಕಡಾ 66. ದಾಖಲೆ ಇಲ್ಲದವನ್ನೂ ತೆಗೆದುಬಿಟ್ಟರೆ 31ಕ್ಕೆ 23, ಶೇಕಡಾ 74. ಓಟಿಯಲ್ಲಿ ನಡೆದದ್ದು ಮೂರರಲ್ಲೂ ಒಂದೇ. ಬದಲಾದದ್ದು ಛೇದ, ಅಂದರೆ ಕೆಳಗಿನ ಸಂಖ್ಯೆ ಮಾತ್ರ.

38 ತಪ್ಪು, ಯಾಕಂದರೆ ಆ 3 ಜನರಿಗೆ ಪ್ರಶ್ನೆಯೇ ಅನ್ವಯಿಸುವುದಿಲ್ಲ. 31 ಇಟ್ಟರೆ ಸಂಖ್ಯೆ ಚೆನ್ನಾಗಿ ಕಾಣುತ್ತದೆ. ಆದರೆ ಬರೆಯದೇ ಇದ್ದಷ್ಟೂ ಅಂಕ ಏರುತ್ತದೆ ಅನ್ನುವ ಸ್ಥಿತಿ ಬರುತ್ತದೆ, ಅದು ಸರಿಯಲ್ಲ ಅಲ್ವಾ? ಆಡಿಟ್‌ನಲ್ಲಿ ರೂಢಿ ಏನೆಂದರೆ, ದಾಖಲೆ ಇಲ್ಲದ್ದನ್ನು ಪಾಲನೆ ಆಗದ್ದರ ಜೊತೆಗೇ ಎಣಿಸುವುದು. ಆದರೆ ಅದನ್ನು `N` ಒಳಗೆ ಮುಚ್ಚಿಹಾಕದೆ ಬೇರೆ ಕಾಲಂನಲ್ಲಿ ತೋರಿಸಬೇಕು. ಹಾಗಾಗಿ ನಮ್ಮ ಸಂಖ್ಯೆ 35ಕ್ಕೆ 23.

ಪ್ರತಿ ಪ್ರಶ್ನೆಗೂ ಅದರದೇ ಛೇದ ಇರುತ್ತದೆ ಅನ್ನೋದು ಎರಡನೇ ಪ್ರಶ್ನೆಗೆ ಬಂದಾಗ ಗೊತ್ತಾಗುತ್ತದೆ. 24 ಗಂಟೆಯೊಳಗೆ ನಿಂತಿತಾ ಅಂತ ಕೇಳಬೇಕಾದರೆ ಮೊದಲು ಕೊಟ್ಟಿರಬೇಕು. 35ರಲ್ಲಿ ಒಬ್ಬರಿಗೆ ಡೋಸ್ ಸಿಕ್ಕೇ ಇಲ್ಲ, ಅವರು ಇಲ್ಲಿ `NA`. ಇನ್ನೊಬ್ಬರಿಗೆ ಆಪರೇಷನ್ ಮಾಡುವಾಗ ಒಳಗೆ ಕೀವು ಕಂಡಿತು, ಆಮೇಲೆ ಕೊಟ್ಟದ್ದು ಚಿಕಿತ್ಸೆಗೆ. ಅವರೂ `NA`. ಉಳಿದದ್ದು 33. ಮನೆಗೆ ಕಳಿಸುವಾಗ ಬರೆದುಕೊಟ್ಟ ಆಂಟಿಬಯಾಟಿಕ್ ಮಾತ್ರೆಯನ್ನು "ಮುಂದುವರಿದದ್ದು" ಅಂತ ಎಣಿಸಬೇಕಾ? ಎಣಿಸಬೇಕು, ಅದೂ ಆಂಟಿಬಯಾಟಿಕ್ಕೇ. ಆದರೆ ಡ್ರಗ್ ಚಾರ್ಟ್ ಮಾತ್ರ ನೋಡಿ ಡಿಸ್ಚಾರ್ಜ್ ಸಾರಾಂಶ ನೋಡದವರಿಗೆ ಇದು ಕಾಣುವುದೇ ಇಲ್ಲ. ಅವರ ಟೇಬಲ್‌ನಲ್ಲಿ ಈ ಸಾಲಿನ ಅಂಕ ಸುಮ್ನೆ ಜಾಸ್ತಿ ಬರುತ್ತದೆ.

ಮೂರನೇ ಪ್ರಶ್ನೆ ಅನ್ವಯಿಸುವುದು 3 ಉದ್ದದ ಆಪರೇಷನ್‌ಗೆ ಮಾತ್ರ. ಅದರಲ್ಲಿ 1ಕ್ಕೆ ಎರಡನೇ ಡೋಸ್ ಸಿಕ್ಕಿದೆ. ಇದನ್ನು ಶೇಕಡಾ 33 ಅಂತ ಬರೆಯಬೇಡಿ. ಒಂದೇ ಒಂದು ಕೇಸ್ ಆಚೀಚೆ ಆದರೆ ಅದು 67 ಆಗುತ್ತದೆ. "3ರಲ್ಲಿ 1" ಅಂತಲೇ ಬರೆಯಿರಿ.

ಟೇಬಲ್ ಈಗ ಹೀಗೆ ನಿಲ್ಲುತ್ತದೆ:

| ಮಾನದಂಡ | ಗುರಿ | ಅನ್ವಯಿಸುವ ಕೇಸ್ | ಪಾಲನೆ ಆಗಿದೆ | ಆಗಿಲ್ಲ | ದಾಖಲೆ ಇಲ್ಲ | ಪಾಲನೆ |
|---|---|---|---|---|---|---|
| ಕೊಯ್ಯುವ ಮುಂಚಿನ 60 ನಿಮಿಷದೊಳಗೆ ಡೋಸ್ (ವ್ಯಾಂಕೊಮೈಸಿನ್: 120) | 95% | 35 | 23 | 8 | 4 | 66% |
| ಮುಗಿದ 24 ಗಂಟೆಯೊಳಗೆ ನಿಲ್ಲಿಸಿದ್ದು | 95% | 33 | 19 | 12 | 2 | 58% |
| 4 ಗಂಟೆ ದಾಟಿದಾಗ ಎರಡನೇ ಡೋಸ್ (ಸೆಫಜೋಲಿನ್) | 95% | 3 | 1 | 2 | 0 | 3ರಲ್ಲಿ 1 |

ಕೆಳಗೆ ಸಣ್ಣ ಅಕ್ಷರದಲ್ಲಿ ಐದು ವಿಷಯ ಇರಬೇಕು. ಯಾವ ಮಾರ್ಗಸೂಚಿ, ಯಾವ ವರ್ಷದ್ದು. ಗುರಿಯ 95 ವಿಭಾಗದವರು ಒಪ್ಪಿಕೊಂಡ ಸಂಖ್ಯೆ ಅನ್ನೋದು. 40 ಫೈಲ್ ಕೇಳಿ 38 ಸಿಕ್ಕಿದ್ದು. ವಿನಾಯಿತಿ ಏನು, ಎಷ್ಟು ಜನ. ದಾಖಲೆ ಇಲ್ಲದ್ದನ್ನು ಪಾಲನೆ ಆಗದ್ದರ ಜೊತೆ ಎಣಿಸಿದ್ದೇವೆ ಅನ್ನೋದು. ಓದುವವರು ಅಡ್ಡ ಸಾಲಿನಲ್ಲಿ 23, 8, 4 ಕೂಡಿದರೆ 35 ಬರಬೇಕು. ಬಾರದಿದ್ದರೆ ಎಲ್ಲೋ ಒಂದು ಕೇಸ್ ಯಾವ ಗುಂಪಿಗೂ ಸೇರದೆ ಉಳಿದಿದೆ ಅಂತ ಅರ್ಥ. ಟೇಬಲ್ ಸರಿ ಇದೆಯಾ ಅಂತ ನೋಡಲು ನಾನು ಮೊದಲು ಮಾಡುವುದು ಈ ಕೂಡಿಕೆಯನ್ನೇ.

## "ಆಗಿಲ್ಲ" ಅನ್ನುವ ಕಾಲಂ ಒಡೆದು ನೋಡಿ

66 ಅನ್ನುವ ಸಂಖ್ಯೆ ಒಂದೇ ಇಟ್ಟುಕೊಂಡು ಓಟಿಯಲ್ಲಿ ಏನು ಬದಲಾಯಿಸಬೇಕು ಅಂತ ಹೇಳಲು ಬರುವುದಿಲ್ಲ. ಆ 8 ಕೇಸ್ ಒಡೆಯಬೇಕು. ನಿಮಿಷದ ಕಾಲಂ ಇಟ್ಟುಕೊಂಡಿದ್ದರಿಂದ ಇದು ಎರಡು ನಿಮಿಷದ ಕೆಲಸ. ತುಂಬಾ ಮುಂಚೆ ಕೊಟ್ಟದ್ದು 4, ಕೊಯ್ದ ಮೇಲೆ ಕೊಟ್ಟದ್ದು 3, ಕೊಡದೇ ಇದ್ದದ್ದು 1.

ತುಂಬಾ ಮುಂಚೆ ಕೊಟ್ಟ ನಾಲ್ಕೂ ಸೆಫಜೋಲಿನ್. ನಡುವಿನ ಹೊತ್ತು 75, 95, 150, 210 ನಿಮಿಷ. ನಾಲ್ಕೂ ವಾರ್ಡಿನಲ್ಲೇ ಕೊಟ್ಟ ಡೋಸ್‌ಗಳು, ಮೂಲ ಕಾಗದದ ಕಾಲಂ ನೋಡಿದರೆ ಗೊತ್ತಾಗುತ್ತದೆ. ವಾರ್ಡಿನವರು ಪಟ್ಟಿಯಲ್ಲಿದ್ದ ಹೊತ್ತಿಗೆ ಸರಿಯಾಗಿ ಕೊಟ್ಟಿದ್ದಾರೆ. ಆದರೆ ಇವರಿಗಿಂತ ಮುಂಚಿನ ಕೇಸ್ ಉದ್ದವಾಗಿ, ಈ ರೋಗಿ ಓಟಿ ಬಾಗಿಲಲ್ಲಿ ಕಾದಿದ್ದಾರೆ. ತಪ್ಪು ಕೊಟ್ಟವರದಲ್ಲ, ಕೊಡುವ ಜಾಗದ್ದು. ಕೊಯ್ದ ಮೇಲೆ ಕೊಟ್ಟ 3ಕ್ಕೆ ಕಾರಣ ಬೇರೆಯೇ ಇರುತ್ತದೆ, ಅಲ್ಲಿ ಕೊಯ್ಯುವ ಮುಂಚಿನ ಚೆಕ್‌ಲಿಸ್ಟ್‌ನಲ್ಲಿ ಆಂಟಿಬಯಾಟಿಕ್ ಆಯಿತಾ ಅಂತ ಜೋರಾಗಿ ಕೇಳಿದ್ದಾರಾ ಅಂತ ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಆಪರೇಷನ್ ಸುರಕ್ಷತಾ ಚೆಕ್‌ಲಿಸ್ಟ್‌ನಲ್ಲಿ ಈ ಪ್ರಶ್ನೆ 60 ನಿಮಿಷದ ಗೆರೆಯ ಜೊತೆಗೇ ಇದೆ.

ಅದೇ ನಾಲ್ಕು ನಿಮಿಷಗಳನ್ನು ಇನ್ನೊಮ್ಮೆ ನೋಡಿ. ನಾವು ಶುರುವಿನಲ್ಲಿ 120 ನಿಮಿಷದ ಗೆರೆ ಆರಿಸಿದ್ದರೆ 75 ಮತ್ತು 95 ಎರಡೂ ಪಾಸಾಗುತ್ತಿದ್ದವು, 35ಕ್ಕೆ 25, ಅಂದರೆ ಶೇಕಡಾ 71. ಮಾನದಂಡದ ಹೆಸರಿಲ್ಲದೆ ಶೇಕಡಾವಾರು ಮಾತ್ರ ಹೇಳಿದರೆ ಅದಕ್ಕೆ ಅರ್ಥವಿಲ್ಲ ಅನ್ನೋದು ಇದಕ್ಕೇ.

## ಎರಡನೇ ಸುತ್ತು

ಬದಲಾವಣೆ ಮಾಡಿದ ಮೇಲೆ ಮತ್ತೆ ಅಳೆಯಬೇಕು. ಡೋಸ್ ವಾರ್ಡಿನಲ್ಲಿ ಬೇಡ, ಓಟಿಯಲ್ಲಿ ಅನಸ್ತೇಷಿಯಾ ಡಾಕ್ಟರೇ ಕೊಡಲಿ ಅಂತ ಆಯಿತು, ಅನಸ್ತೇಷಿಯಾ ಚಾರ್ಟ್‌ನಲ್ಲಿ ಆಂಟಿಬಯಾಟಿಕ್ ಹೊತ್ತಿಗೆ ಬೇರೆ ಖಾನೆ ಮಾಡಿದರು ಅಂದುಕೊಳ್ಳಿ. ಕೆಲವು ತಿಂಗಳ ನಂತರ ಅದೇ ರೀತಿ ಸಾಲಾಗಿ ಫೈಲ್ ಎತ್ತಿದಾಗ 36 ಅನ್ವಯಿಸುವ ಕೇಸಿನಲ್ಲಿ 31 ಪಾಲನೆ, 4 ಆಗಿಲ್ಲ, 1 ದಾಖಲೆ ಇಲ್ಲ. ಶೇಕಡಾ 86.

66ರಿಂದ 86! ಖುಷಿಪಡಬೇಕಾದ್ದೇ. ಆದರೆ ಇದರೊಳಗೆ ಎರಡು ಬದಲಾವಣೆ ಕಲೆತಿವೆ. ಮೊದಲ ಸುತ್ತಿನಲ್ಲಿ ದಾಖಲೆ ಇಲ್ಲದ 4 ಕೇಸನ್ನು ಸೋಲು ಅಂತ ಎಣಿಸಿದ್ದೆವು. ಅವುಗಳಲ್ಲಿ ಕೆಲವು ನಿಜವಾಗಿ ಸರಿಯಾದ ಹೊತ್ತಿಗೇ ಕೊಟ್ಟಿರಬಹುದು, ಬರೆದಿರಲಿಲ್ಲ ಅಷ್ಟೇ. ಹೊಸ ಖಾನೆ ಬಂದ ಮೇಲೆ ಅಂಥವು ತಾನಾಗಿಯೇ `Y` ಆಗುತ್ತವೆ, ಕೊಡುವ ಹೊತ್ತು ಒಂದು ನಿಮಿಷವೂ ಬದಲಾಗದೆ. ಅದಕ್ಕೆ ಹೋಲಿಕೆ ಟೇಬಲ್‌ನಲ್ಲಿ ಇನ್ನೊಂದು ಸಾಲು ಸೇರಿಸುವುದು ಒಳ್ಳೆಯದು, ಹೊತ್ತು ದಾಖಲಾದ ಕೇಸುಗಳು ಮತ್ತು ಡೋಸ್ ಕೊಡದೇ ಇದ್ದ ಕೇಸುಗಳು ಮಾತ್ರ ಇರುವ ಸಾಲು:

| | ಮೊದಲ ಸುತ್ತು | ಎರಡನೇ ಸುತ್ತು |
|---|---|---|
| ಅನ್ವಯಿಸುವ ಎಲ್ಲಾ ಕೇಸಿನಲ್ಲಿ ಪಾಲನೆ | 23/35 (66%) | 31/36 (86%) |
| ತೀರ್ಪು ಕೊಡಲು ದಾಖಲೆ ಇದ್ದ ಕೇಸಿನಲ್ಲಿ ಪಾಲನೆ | 23/31 (74%) | 31/35 (89%) |
| ದಾಖಲೆ ಇಲ್ಲ | 4/35 | 1/36 |

ಮುಖ್ಯ ಸಂಖ್ಯೆ ಮೊದಲ ಸಾಲಿನದ್ದೇ. ಎರಡನೇ ಸಾಲು ಅದಕ್ಕೆ ಪಕ್ಕದ ಸಾಕ್ಷಿ. ಒಂದರಲ್ಲಿ 20 ಅಂಶ ಏರಿದೆ, ಇನ್ನೊಂದರಲ್ಲಿ 15. ಏರಿಕೆಯಲ್ಲಿ ಸ್ವಲ್ಪ ಭಾಗ ಬರವಣಿಗೆ ಸುಧಾರಿಸಿದ್ದರಿಂದ ಬಂದಿರಬಹುದು, ಜಾಸ್ತಿ ಭಾಗ ಡೋಸ್‌ನ ಹೊತ್ತು ಸುಧಾರಿಸಿದ್ದರಿಂದ ಅನ್ನುವ ಸೂಚನೆ ಇದೆ.

ಇನ್ನೊಂದು ಮಿತಿಯನ್ನೂ ಟೇಬಲ್ಲಿನ ಕೆಳಗೆ ಬರೆಯಬೇಕು. 35 ಕೇಸ್ ತುಂಬಾ ಸಣ್ಣ ಸಂಖ್ಯೆ. 23/35 ಅನ್ನೋದಕ್ಕೆ, ನಿಜವಾದ ಪಾಲನೆ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಅಂತ ಹೇಳುವ ಶೇಕಡಾ 95ರ ವಿಶ್ವಾಸದ ವ್ಯಾಪ್ತಿ ಹಾಕಿದರೆ ಅದು ಸುಮಾರು 49ರಿಂದ 79ರವರೆಗೆ ಹರಡುತ್ತದೆ. ಅಂದರೆ 40 ಕೇಸಿನ ಎರಡು ಸುತ್ತುಗಳ ನಡುವೆ 5 ಅಂಶದ ಏರಿಕೆ ಕಂಡರೆ ಏನೂ ಹೇಳಲು ಬರುವುದಿಲ್ಲ, ಒಂದೆರಡು ಫೈಲ್ ಅತ್ತಿತ್ತ ಆದರೂ ಅಷ್ಟು ಬರುತ್ತದೆ. ಮೊದಲ ಸುತ್ತಿಗೂ ಎರಡನೇ ಸುತ್ತಿಗೂ ನಡುವೆ ಯಾರಾದರೂ ಗೆರೆಯನ್ನು 60ರಿಂದ 120ಕ್ಕೆ ಬದಲಾಯಿಸಿದ್ದರೆ, ಹಳೆಯ 38 ಸಾಲುಗಳ G ಕಾಲಂ ತಿದ್ದಿ ಮೊದಲ ಸುತ್ತಿನ ಅಂಕವನ್ನೂ ಹೊಸ ಗೆರೆಯಲ್ಲಿ ಮತ್ತೆ ತೆಗೆಯಬೇಕು. ನಿಮಿಷಗಳನ್ನು ನಿಮಿಷಗಳಾಗಿಯೇ ಬರೆದಿಟ್ಟಿದ್ದರೆ ಅದಕ್ಕೆ ಒಂದು ಫೈಲನ್ನೂ ಮತ್ತೆ ತೆರೆಯಬೇಕಾಗಿಲ್ಲ.